ಎರಡೂ ವಾಕ್ಯ ನಿಜ, ಆದ್ರೂ ಉತ್ತರ ತಪ್ಪು: ಅಸರ್ಷನ್-ರೀಸನ್ ಪ್ರಶ್ನೆ ಬಿಡಿಸೋದು ಹೇಗೆ

ಅಕ್ಕನ ಮಗಳು ಈ ವರ್ಷ ಹತ್ತನೇ ಕ್ಲಾಸು. ಹೋದ ಭಾನುವಾರ ವಿಜಯನಗರಕ್ಕೆ ಅವ್ರ ಮನೆಗೆ ಹೋಗಿದ್ದೆ, ಒಳಗೆ ಕಾಲಿಡ್ತಿದ್ದ ಹಾಗೆ ಸೈನ್ಸ್ ಟೆಸ್ಟ್ ಪೇಪರ್ ಹಿಡ್ಕೊಂಡು ಬಂದ್ಲು. "ನೋಡು ಮಾವ, ಎರಡು ವಾಕ್ಯಾನೂ ಕರೆಕ್ಟು, ನಾನೂ ಕರೆಕ್ಟು ಅಂತಾನೇ ಹಾಕಿದೀನಿ, ಆದ್ರೂ ಸೊನ್ನೆ ಬಂದಿದೆ" ಅಂತ ಜಗಳಕ್ಕೇ ನಿಂತ್ಲು. ಪ್ರಶ್ನೆ ಹೀಗಿತ್ತು:

ಪ್ರತಿಪಾದನೆ: ಬೆಂಗಳೂರಿನಲ್ಲಿ ತೆರೆದ ಪಾತ್ರೆಯಲ್ಲಿರುವ ನೀರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪಮಾನದಲ್ಲಿ ಕುದಿಯುತ್ತದೆ.

ಕಾರಣ: ಸಮುದ್ರ ಮಟ್ಟದಿಂದ ಮೇಲೆ ಹೋದಂತೆ ಗಾಳಿಯ ತಾಪಮಾನ ಕಡಿಮೆಯಾಗುತ್ತದೆ.

ಅವಳು ಟಿಕ್ ಹಾಕಿದ್ದು ಮೊದಲನೇ ಆಯ್ಕೆಗೆ, ಅಂದ್ರೆ "ಎರಡೂ ಸರಿ, ಮತ್ತು ಕಾರಣವು ಪ್ರತಿಪಾದನೆಯ ಸರಿಯಾದ ವಿವರಣೆ". ಕೀ ಉತ್ತರದಲ್ಲಿ ಇದ್ದಿದ್ದು ಎರಡನೇ ಆಯ್ಕೆ. ಅವ್ರಮ್ಮನೂ ಪೇಪರ್ ಇಸ್ಕೊಂಡು ನೋಡಿ "ಸರಿಯಾಗೇ ಬರ್ದಿದಾಳಲ್ಲೋ" ಅಂದ್ಲು. ನಮ್ಮ ಕಾಲದಲ್ಲಿ ಹತ್ತನೇ ಕ್ಲಾಸಿಗೆ ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ, ಒಂದು ವಾಕ್ಯದಲ್ಲಿ ಉತ್ತರಿಸಿ, ಇಷ್ಟೇ ಇದ್ದಿದ್ದು, ಹಾಗಾಗಿ ಈಗಿನ ಅಪ್ಪ ಅಮ್ಮಂದಿರಿಗೆ ಈ ಥರದ ಪ್ರಶ್ನೆ ಹೇಳಿಕೊಡೋಕೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ತಿಳಿಯಲ್ಲ. ಈಗ ಸಿಬಿಎಸ್‌ಇ ಹತ್ತನೇ ಕ್ಲಾಸಿನ ಸೈನ್ಸ್, ಮ್ಯಾತ್ಸ್ ಪೇಪರಲ್ಲಿ ಇವು ಇರ್ತವೆ, ನೀಟಲ್ಲೂ ಬರ್ತವೆ. ಆವತ್ತು ಅಡುಗೆಮನೇಲಿ ಕುಕ್ಕರ್ ಪಕ್ಕ ನಿಂತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ.

ಪ್ರಶ್ನೆ ಒಳಗೆ ಇರೋದು ಏನು

ಎರಡು ವಾಕ್ಯ ಕೊಟ್ಟಿರ್ತಾರೆ. ಮೊದಲನೇದು ಪ್ರತಿಪಾದನೆ, ಇಂಗ್ಲಿಷ್ ಮೀಡಿಯಂ ಮಕ್ಕಳು ಅಸರ್ಷನ್ ಅಂತಾರೆ, ಕೆಲವು ಕನ್ನಡ ಪೇಪರಲ್ಲಿ ಸಮರ್ಥನೆ ಅಂತಾನೂ ಇರತ್ತೆ. ಅರ್ಥ ಇಷ್ಟೇ, ಯಾರೋ ಒಬ್ರು "ಇದು ಹೀಗಿದೆ" ಅಂತ ಗಟ್ಟಿಯಾಗಿ ಹೇಳೋ ಮಾತು. ಎರಡನೇದು ಕಾರಣ, ಅಂದ್ರೆ ರೀಸನ್. ಆಮೇಲೆ ನಾಲ್ಕು ಆಯ್ಕೆ. ಸಿಬಿಎಸ್‌ಇ ಪೇಪರಲ್ಲಿ ಸಾಮಾನ್ಯವಾಗಿ ಈ ಕ್ರಮದಲ್ಲಿ ಇರತ್ತೆ:

ಎ) ಎರಡೂ ಸರಿ, ಕಾರಣವು ಪ್ರತಿಪಾದನೆಯ ಸರಿಯಾದ ವಿವರಣೆ.
ಬಿ) ಎರಡೂ ಸರಿ, ಆದರೆ ಕಾರಣವು ಪ್ರತಿಪಾದನೆಯ ಸರಿಯಾದ ವಿವರಣೆ ಅಲ್ಲ.
ಸಿ) ಪ್ರತಿಪಾದನೆ ಸರಿ, ಕಾರಣ ತಪ್ಪು.
ಡಿ) ಪ್ರತಿಪಾದನೆ ತಪ್ಪು, ಕಾರಣ ಸರಿ.

ಇಲ್ಲಿ ಮೊದಲನೇ ಮೋಸ ಇರೋದು ಹೆಸರಲ್ಲೇ. ಎರಡನೇ ವಾಕ್ಯಕ್ಕೆ "ಕಾರಣ" ಅಂತ ಲೇಬಲ್ ಹಚ್ಚಿಬಿಟ್ಟಿದಾರೆ, ನಮ್ಮ ತಲೆ ಅದನ್ನ ಓದಿದ ಕೂಡ್ಲೇ "ಓ, ಇದೇ ಕಾರಣ ಇರ್ಬೇಕು" ಅಂತ ಒಪ್ಕೊಂಡುಬಿಡತ್ತೆ. ಅದು ನಿಜವಾಗ್ಲೂ ಕಾರಣ ಹೌದಾ ಅಲ್ವಾ ಅನ್ನೋದೇ ಪ್ರಶ್ನೆ ಕಣ್ರೀ. ಹಾಗಾಗಿ ನಾನು ಅವಳಿಗೆ ಪೆನ್ಸಿಲ್ ಕೊಟ್ಟು ಆ "ಕಾರಣ" ಅನ್ನೋ ಪದಾನ ಹೊಡೆದು ಹಾಕಿ ಬರೀ "ಎರಡನೇ ವಾಕ್ಯ" ಅಂತ ಬರ್ಕೋ ಅಂದೆ.

ಇನ್ನೊಂದು ಲೆಕ್ಕ ನೋಡಿ. ಎರಡು ವಾಕ್ಯ ಇದ್ರೆ ನಿಜ-ಸುಳ್ಳಿನ ಜೋಡಿ ನಾಲ್ಕೇ: ಎರಡೂ ನಿಜ, ಮೊದಲನೇದು ಮಾತ್ರ ನಿಜ, ಎರಡನೇದು ಮಾತ್ರ ನಿಜ, ಎರಡೂ ಸುಳ್ಳು. ಇದ್ರಲ್ಲಿ "ಎರಡೂ ನಿಜ" ಅನ್ನೋದು ಮತ್ತೆ ಎರಡಾಗಿ ಒಡೆಯತ್ತೆ, ನಂಟು ಇದೆ ಅಥವಾ ಇಲ್ಲ ಅಂತ. ಒಟ್ಟು ಐದಾಯ್ತು. ಆಯ್ಕೆ ಇರೋದು ನಾಲ್ಕು. ಅಂದ್ರೆ ಒಂದನ್ನ ಬಿಟ್ಟಿದಾರೆ. ಮೇಲಿನ ಪಟ್ಟಿಯಲ್ಲಿ ಬಿಟ್ಟಿರೋದು "ಎರಡೂ ತಪ್ಪು". ಹಳೇ ಏಮ್ಸ್ ಎಂಟ್ರೆನ್ಸ್ ಶೈಲಿಯ ಪ್ರಶ್ನೆಗಳಲ್ಲಿ ಕೊನೇ ಆಯ್ಕೆಯೇ "ಎರಡೂ ತಪ್ಪು" ಅಂತ ಇರತ್ತೆ, ಅಲ್ಲಿ ಬಿಟ್ಟುಹೋಗೋದು "ಪ್ರತಿಪಾದನೆ ತಪ್ಪು, ಕಾರಣ ಸರಿ". ಇದು ಯಾಕೆ ಮುಖ್ಯ ಅಂತ ಕೊನೇಲಿ ಮತ್ತೆ ಬರ್ತೀನಿ.

ಮೊದ್ಲು ಒಂದೊಂದೇ ವಾಕ್ಯ, ನಂಟು ಆಮೇಲೆ

ಈ ಪ್ರಶ್ನೆ ಬಿಡಿಸೋಕೆ ಮೂರು ಪ್ರಶ್ನೆ ಕೇಳ್ಕೋಬೇಕು, ಅದೂ ಇದೇ ಕ್ರಮದಲ್ಲಿ. ಮೊದಲನೇ ವಾಕ್ಯ ಒಂದೇ ಇದ್ದಿದ್ರೆ ಅದು ನಿಜಾನಾ? ಎರಡನೇ ವಾಕ್ಯ ಒಂದೇ ಇದ್ದಿದ್ರೆ ಅದು ನಿಜಾನಾ? ಎರಡಕ್ಕೂ ಹೌದು ಅಂತ ಬಂದ್ರೆ ಮಾತ್ರ ಮೂರನೇದು, ಎರಡನೇದರಿಂದಾನೇ ಮೊದಲನೇದು ಆಗಿದ್ದಾ?

ಕೇಳೋಕೆ ಸುಲಭ. ಆದ್ರೆ ಮಕ್ಕಳು ಮಾಡೋದು ಉಲ್ಟಾ, ಎರಡು ವಾಕ್ಯಾನೂ ಒಂದೇ ಉಸಿರಲ್ಲಿ ಓದಿ ಮಧ್ಯ "ಯಾಕಂದ್ರೆ" ಹಾಕ್ಕೊಂಡು ಕಿವಿಗೆ ಸರಿ ಅನ್ಸತ್ತಾ ಅಂತ ನೋಡ್ತಾರೆ. ಕಿವಿ ಎಷ್ಟು ಸುಲಭವಾಗಿ ಮೋಸ ಹೋಗತ್ತೆ ಅಂತ ತೋರಿಸೋಕೆ ಅವಳಿಗೆ ಇದನ್ನ ಕೊಟ್ಟೆ:

ಪ್ರತಿಪಾದನೆ: ತೆರೆದ ಪಾತ್ರೆಯಲ್ಲಿ ಬೇಳೆಯು ಚೆನ್ನೈಗಿಂತ ಬೆಂಗಳೂರಿನಲ್ಲಿ ಬೇಗ ಬೇಯುತ್ತದೆ.

ಕಾರಣ: ನೀರು ಚೆನ್ನೈಗಿಂತ ಬೆಂಗಳೂರಿನಲ್ಲಿ ಕಡಿಮೆ ತಾಪಮಾನದಲ್ಲೇ ಕುದಿಯುತ್ತದೆ.

ಒಟ್ಟಿಗೆ ಓದಿ ನೋಡಿ. ಬೆಂಗಳೂರಲ್ಲಿ ಬೇಳೆ ಬೇಗ ಬೇಯತ್ತೆ, ಯಾಕಂದ್ರೆ ಇಲ್ಲಿ ನೀರು ಕಡಿಮೆ ತಾಪಮಾನಕ್ಕೇ ಕುದಿಯತ್ತೆ. ಎಷ್ಟು ಚೆನ್ನಾಗಿ ಕೂತ್ಕೊಳ್ತಲ್ವಾ? ಅವಳೂ ತಕ್ಷಣ "ಎ" ಅಂದ್ಲು. ಈಗ ಎರಡನೇ ವಾಕ್ಯದ ಮೇಲೆ ಕೈ ಮುಚ್ಚಿ ಮೊದಲನೇದನ್ನ ಮಾತ್ರ ಓದಿ. ಬೇಳೆ ಬೇಯೋದು ನೀರು ಕುದೀತಿದೆ ಅನ್ನೋ ಕಾರಣಕ್ಕಲ್ಲ, ನೀರು ಬಿಸಿ ಇದೆ ಅನ್ನೋ ಕಾರಣಕ್ಕೆ. ಗುಳುಗುಳು ಅಂತ ಸದ್ದು ಬಂದ ಮಾತ್ರಕ್ಕೆ ಬೇಳೆಗೆ ಏನೂ ಆಗಲ್ಲ. ಚೆನ್ನೈ ಸಮುದ್ರದ ಪಕ್ಕ, ಅಲ್ಲಿ ನೀರು ಹೆಚ್ಚುಕಮ್ಮಿ 100 ಡಿಗ್ರಿ ತನಕ ಹೋಗತ್ತೆ. ಬೆಂಗಳೂರಲ್ಲಿ ಸುಮಾರು 97 ಡಿಗ್ರಿಗೇ ಕುದಿಯೋಕೆ ಶುರು ಆಗತ್ತೆ, ಒಮ್ಮೆ ಕುದಿಯೋಕೆ ಶುರು ಆದ್ಮೇಲೆ ಉರಿ ಎಷ್ಟೇ ಜಾಸ್ತಿ ಮಾಡಿದ್ರೂ ತೆರೆದ ಪಾತ್ರೇಲಿ ನೀರು ಅದಕ್ಕಿಂತ ಬಿಸಿ ಆಗಲ್ಲ, ಬರೀ ಬೇಗ ಆವಿ ಆಗತ್ತೆ ಅಷ್ಟೇ. ಸೋ ಇಲ್ಲಿ ಬೇಳೆ ಮೂರು ಡಿಗ್ರಿ ತಣ್ಣಗಿರೋ ನೀರಲ್ಲಿ ಬೇಯ್ಬೇಕು, ಬೇಗ ಅಲ್ಲ, ಸ್ವಲ್ಪ ನಿಧಾನಾನೇ ಆಗೋದು. ಮೊದಲನೇ ವಾಕ್ಯ ಸುಳ್ಳು. ಎರಡನೇದು ನಿಜ. ಉತ್ತರ ಡಿ.

ಇದ್ರಲ್ಲಿ ಗಮನಿಸ್ಬೇಕಾಗಿದ್ದು ಏನಂದ್ರೆ, ಎರಡನೇ ವಾಕ್ಯ ನಿಜ ಆಗಿರೋದ್ರಿಂದ ಅದರ ಬಲದ ಮೇಲೆ ಮೊದಲನೇ ಸುಳ್ಳೂ ನಿಜದ ಥರ ಕಾಣಿಸ್ತು. ಸಾಕ್ಷಿಗಳನ್ನ ಕೋರ್ಟಲ್ಲಿ ಒಬ್ಬೊಬ್ಬರನ್ನೇ ಕರೆದು ಕೇಳ್ತಾರಲ್ಲ, ಒಬ್ರ ಮಾತು ಕೇಳಿ ಇನ್ನೊಬ್ರು ಅದಕ್ಕೆ ತಕ್ಕ ಹಾಗೆ ಹೇಳಬಾರದು ಅಂತ, ಇದೂ ಹಾಗೇ. ಕೈ ಮುಚ್ಚಿ ಓದೋದು ಚಿಕ್ಕ ಮಕ್ಕಳ ಆಟದ ಥರ ಕಾಣತ್ತೆ ಆದ್ರೆ ನಾನು ಈಗ್ಲೂ ಹಾಗೇ ಓದೋದು. ಪ್ರತಿ ವಾಕ್ಯದ ಪಕ್ಕ ಪೆನ್ಸಿಲಲ್ಲಿ ಒಂದು ರೈಟ್ ಅಥವಾ ತಪ್ಪು ಗುರುತು ಹಾಕಿ, ಆಮೇಲೆ ಆಯ್ಕೆಗಳ ಕಡೆ ಕಣ್ಣು ಹಾಯಿಸಿ.

ಸುಳ್ಳು ಎಲ್ಲಿ ಅಡಗಿರತ್ತೆ

ಒಂದು ವಾಕ್ಯ ಅರ್ಧ ನಿಜ ಆಗಿದ್ರೆ ಈ ಪ್ರಶ್ನೆಯಲ್ಲಿ ಅದು ಪೂರ್ತಿ ತಪ್ಪು. ಸಾಮಾನ್ಯವಾಗಿ ಕೆಡೋದು ಒಂದೇ ಪದದಲ್ಲಿ. "ಹೆಚ್ಚಾಗುತ್ತದೆ" ಇರ್ಬೇಕಾದ ಕಡೆ "ಕಡಿಮೆಯಾಗುತ್ತದೆ" ಅಂತ ಹಾಕಿರ್ತಾರೆ, ಇಲ್ಲಾಂದ್ರೆ "ಮಾತ್ರ", "ಎಲ್ಲಾ", "ಯಾವಾಗಲೂ" ಅನ್ನೋ ಒಂದು ಪದ ನುಗ್ಗಿಸಿರ್ತಾರೆ. ಕುಕ್ಕರನ್ನೇ ತಗೊಳ್ಳಿ:

ಪ್ರತಿಪಾದನೆ: ಪ್ರೆಶರ್ ಕುಕ್ಕರ್‌ನಲ್ಲಿ ಅನ್ನ ಬೇಗ ಆಗುತ್ತದೆ.

ಕಾರಣ: ಕುಕ್ಕರ್‌ನೊಳಗೆ ಒತ್ತಡ ಹೆಚ್ಚಿರುವುದರಿಂದ ನೀರಿನ ಕುದಿಯುವ ಬಿಂದು ಕಡಿಮೆಯಾಗುತ್ತದೆ.

ಎರಡನೇ ವಾಕ್ಯದ ಮೊದಲರ್ಧ ಸರಿ, ಒಳಗೆ ಒತ್ತಡ ಹೆಚ್ಚೇ ಇರತ್ತೆ. ಕೊನೇ ಪದ ಕೈ ಕೊಡ್ತು. ಒತ್ತಡ ಹೆಚ್ಚಾದ್ರೆ ನೀರಿನ ಮೇಲೆ ಭಾರ ಹೆಚ್ಚಿದ ಹಾಗೆ, ಆವಿಯಾಗಿ ಎದ್ದು ಬರೋಕೆ ಜಾಸ್ತಿ ಬಿಸಿ ಬೇಕು, ಹಾಗಾಗಿ ಕುದಿಯೋ ಬಿಂದು ಮೇಲಕ್ಕೆ ಹೋಗತ್ತೆ, ಮನೆ ಕುಕ್ಕರಲ್ಲಿ ಸುಮಾರು 120 ಡಿಗ್ರಿ ಹತ್ರ. ಅಷ್ಟು ಬಿಸಿ ನೀರಲ್ಲಿ ಅಕ್ಕಿ ಬೇಗ ಬೆಂದು ಹೋಗತ್ತೆ. ಮೊದಲನೇದು ನಿಜ, ಎರಡನೇದು ಸುಳ್ಳು, ಉತ್ತರ ಸಿ. ಗಡಿಬಿಡೀಲಿ "ಒತ್ತಡ, ಕುದಿಯುವ ಬಿಂದು, ಕುಕ್ಕರ್" ಅಂತ ಮೂರು ಪರಿಚಯದ ಪದ ಕಂಡ ಕೂಡ್ಲೇ ಟಿಕ್ ಹಾಕಿದ್ರೆ ಮಾರ್ಕ್ಸ್ ಹೋಯ್ತು ಅಂತಾನೇ ಲೆಕ್ಕ. ನಾನು ಕಂಡ ಹಾಗೆ ಓದೋ ಮಕ್ಕಳೇ ಇಲ್ಲಿ ಜಾಸ್ತಿ ಬೀಳೋದು, ಯಾಕಂದ್ರೆ ಅವ್ರಿಗೆ ಪದಗಳು ಚೆನ್ನಾಗಿ ಗೊತ್ತಿರ್ತವೆ, ವಾಕ್ಯ ಪೂರ್ತಿ ಓದೋ ತಾಳ್ಮೆ ಇರಲ್ಲ.

ನಂಟಿನ ಪ್ರಶ್ನೆ: ಅಪ್ಪಾನಾ, ಮಗಾನಾ, ತಮ್ಮಾನಾ, ಪಕ್ಕದ ಮನೆಯವ್ರಾ

ಎರಡೂ ವಾಕ್ಯಕ್ಕೆ ರೈಟ್ ಗುರುತು ಬಿತ್ತು ಅನ್ಕೊಳ್ಳಿ. ಈಗ ಉಳಿದಿದ್ದು ಎ ಮತ್ತು ಬಿ. ಜಾಸ್ತಿ ಮಾರ್ಕ್ಸ್ ಹೋಗೋದು ಇಲ್ಲೇ, ಯಾಕಂದ್ರೆ ಇಲ್ಲಿ ಪಾಠ ಬಾಯಿಪಾಠ ಮಾಡಿದ್ರೆ ಸಾಕಾಗಲ್ಲ. ಅವಳಿಗೆ ನಾನು ಸಂಬಂಧದ ಲೆಕ್ಕದಲ್ಲಿ ಹೇಳಿದೆ. ಎರಡು ನಿಜಗಳ ಮಧ್ಯ ನಾಲ್ಕು ಥರ ಸಂಬಂಧ ಇರಬಹುದು. ಎರಡನೇ ವಾಕ್ಯ ಮೊದಲನೇದಕ್ಕೆ ಅಪ್ಪ ಆಗಿರಬಹುದು, ಅಂದ್ರೆ ಅದರಿಂದಾನೇ ಇದು ಹುಟ್ಟಿದ್ದು. ಮಗ ಆಗಿರಬಹುದು. ಅಣ್ಣನೋ ತಮ್ಮನೋ ಆಗಿರಬಹುದು. ಇಲ್ಲಾ ಬರೀ ಪಕ್ಕದ ಮನೆಯವ್ರು. ಅಪ್ಪ ಆಗಿದ್ರೆ ಮಾತ್ರ ಎ. ಉಳಿದ ಮೂರಕ್ಕೂ ಬಿ.

ಪ್ರತಿಪಾದನೆ ಅದನ್ನೇ ಇಟ್ಕೊಂಡು, "ಬೆಂಗಳೂರಲ್ಲಿ ನೀರು 100ಕ್ಕಿಂತ ಕಡಿಮೆಗೆ ಕುದಿಯತ್ತೆ" ಅನ್ನೋದು, ಕೆಳಗಿನ ವಾಕ್ಯ ಮಾತ್ರ ಬದಲಾಯಿಸ್ತಾ ಹೋಗೋಣ.

ಕಾರಣ: ಬೆಂಗಳೂರಿನಲ್ಲಿ ವಾತಾವರಣದ ಒತ್ತಡ ಸಮುದ್ರ ಮಟ್ಟಕ್ಕಿಂತ ಕಡಿಮೆ ಇದೆ. ಇದು ಅಪ್ಪ. ಬಿಸಿ ಮಾಡ್ತಾ ಹೋದ ಹಾಗೆ ನೀರೊಳಗಿಂದ ಆವಿ ಹೊರಗೆ ತಳ್ಳೋ ಒತ್ತಡ ಏರ್ತಾ ಹೋಗತ್ತೆ, ಅದು ಹೊರಗಿನ ಗಾಳಿಯ ಒತ್ತಡಕ್ಕೆ ಸಮ ಆದ ಕ್ಷಣ ನೀರು ಕುದಿಯತ್ತೆ. ಹೊರಗಿನ ಒತ್ತಡ ಕಮ್ಮಿ ಇದ್ರೆ ಆ ಕ್ಷಣ ಬೇಗ ಬರತ್ತೆ. ಸಮುದ್ರ ಮಟ್ಟದಲ್ಲಿ ಒತ್ತಡ ಸುಮಾರು 1013 ಹೆಕ್ಟೊಪಾಸ್ಕಲ್, ಇಲ್ಲಿ ಸುಮಾರು 910. ಅದಕ್ಕೇ 97 ಡಿಗ್ರಿ. ಉತ್ತರ ಎ.

ಕಾರಣ: ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಒತ್ತಡದ ಮಾತೇ ಇಲ್ಲ. ಅವಳು "ಹಾಗಾದ್ರೆ ಬಿ" ಅಂದ್ಲು. ಅಲ್ಲ, ಇದೂ ಎ ಕಡೆಗೇ. ಎತ್ತರ ಹೋದ್ರೆ ಮೇಲಿರೋ ಗಾಳಿಯ ಭಾರ ಕಮ್ಮಿ, ಒತ್ತಡ ಕಮ್ಮಿ, ಕುದಿಯೋ ಬಿಂದು ಕಮ್ಮಿ. ಅಪ್ಪ ಅಲ್ದಿದ್ರೂ ತಾತ ಆಯ್ತು, ರಕ್ತ ಒಂದೇ, ಮಧ್ಯ ಒಂದು ತಲೆಮಾರು ಹೇಳದೇ ಬಿಟ್ಟಿದಾರೆ. ಬಿಟ್ಟ ಮೆಟ್ಟಿಲನ್ನ ನಾವು ಪಾಠದಿಂದಾನೇ ತುಂಬಿಸಿಕೊಂಡು ಮೇಲಿಂದ ಕೆಳಗೆ ಎಡವದೇ ಇಳಿದು ಬರೋಕಾದ್ರೆ ಅದು ವಿವರಣೆ.

ಈಗ ಅವಳ ಪೇಪರಿನದ್ದು. ಕಾರಣ: ಮೇಲೆ ಹೋದಂತೆ ಗಾಳಿಯ ತಾಪಮಾನ ಕಡಿಮೆಯಾಗುತ್ತದೆ. ನಿಜಾನಾ? ನಿಜ, ನಾವಿರೋ ಗಾಳಿಯ ಪದರದಲ್ಲಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿಯತ್ತೆ. ಇದರಿಂದ ನೀರು ಕಡಿಮೆ ತಾಪಮಾನಕ್ಕೆ ಕುದಿಯತ್ತಾ? ಮೆಟ್ಟಿಲು ಹತ್ತಿ ನೋಡಿ. ಗಾಳಿ ತಣ್ಣಗಿದೆ, ಆಮೇಲೆ? ತಣ್ಣಗಿನ ಗಾಳಿಯಿಂದ ನೀರು ಬಿಸಿ ಆಗೋಕೆ ಸ್ವಲ್ಪ ತಡ ಆಗ್ಬಹುದೇ ಹೊರತು ಕುದಿಯೋ ಬಿಂದು ಇಳಿಯೋಕೆ ದಾರಿ ಸಿಗಲ್ಲ. ಒತ್ತಡ ಅಷ್ಟೇ ಇದ್ರೆ ಡಿಸೆಂಬರ್ ಚಳೀಲೂ ಏಪ್ರಿಲ್ ಬಿಸಿಲಲ್ಲೂ ನೀರು ಅದೇ ತಾಪಮಾನಕ್ಕೆ ಕುದಿಯೋದು. ಹಾಗಾದ್ರೆ ಯಾಕೆ ಎರಡೂ ಜೊತೆಜೊತೆಗೆ ಕಾಣಿಸ್ತವೆ ಅಂದ್ರೆ ಎರಡಕ್ಕೂ ಅಪ್ಪ ಒಬ್ಬನೇ, ಎತ್ತರ. ಎತ್ತರ ಹೋದ್ರೆ ಗಾಳೀನೂ ತಣ್ಣಗಾಗತ್ತೆ, ಕುದಿಯೋ ಬಿಂದೂ ಇಳಿಯತ್ತೆ. ಅಣ್ಣ ತಮ್ಮ. ಅಣ್ಣ ತಮ್ಮನಿಗೆ ಅಪ್ಪ ಆಗೋಕಾಗಲ್ಲ. ಉತ್ತರ ಬಿ. ಇದನ್ನ ಕೇಳಿ ಅವಳ ಮುಖ ಸ್ವಲ್ಪ ಇಳೀತು, ಯಾಕಂದ್ರೆ ಟೀಚರ್ ಹತ್ರ ಹೋಗಿ ಮಾರ್ಕ್ಸ್ ಕೇಳೋ ಪ್ಲಾನ್ ಇತ್ತು.

ಮಗನನ್ನ ಅಪ್ಪ ಅನ್ಕೊಳ್ಳೋ ತಪ್ಪು ಕೇಳೋಕೆ ತಮಾಷೆ ಆದ್ರೂ ಚರಿತ್ರೆ ಪ್ರಶ್ನೆಗಳಲ್ಲಿ ಜಾಸ್ತಿ. ಒಂದು ನೋಡಿ. ಪ್ರತಿಪಾದನೆ: ಕನ್ನಡ ರಾಜ್ಯೋತ್ಸವವನ್ನು ನವೆಂಬರ್ 1ರಂದು ಆಚರಿಸಲಾಗುತ್ತದೆ. ಕಾರಣ: 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಲಾಯಿತು. ಎರಡೂ ನಿಜ, ತಾರೀಖೂ ಒಂದೇ, ಇನ್ನೇನು ಎ ಅಂತ ಕೈ ಹೋಗೇ ಬಿಡತ್ತೆ. ಆದ್ರೆ ಆ ದಿನಕ್ಕೆ ಮಹತ್ವ ಬಂದಿದ್ದು 1956ರ ನವೆಂಬರ್ 1ಕ್ಕೆ, ಕನ್ನಡ ಮಾತಾಡೋ ಬಹುಪಾಲು ಪ್ರದೇಶಗಳು ಒಂದು ರಾಜ್ಯ ಆಗಿದ್ದು ಆವತ್ತು. ಹೆಸರು ಬದಲಾಗಿದ್ದು ಅದಾದ ಹದಿನೇಳು ವರ್ಷಕ್ಕೆ, ಆ ದಿನಕ್ಕೆ ಮೊದ್ಲೇ ಇದ್ದ ಬೆಲೆ ನೋಡಿ ಅದೇ ದಿನ ಇಟ್ಟಿದ್ದು. ಕಾಲದಲ್ಲಿ ಯಾವುದು ಮುಂಚೆ ಯಾವುದು ಆಮೇಲೆ ಅಂತ ಇಸವಿ ಹಾಕಿ ನೋಡಿದ್ರೆ ಈ ತಪ್ಪು ತಾನೇ ಸಿಕ್ಕಿಬೀಳತ್ತೆ.

ಇನ್ನು ಪಕ್ಕದ ಮನೆಯವ್ರು. ಪ್ರತಿಪಾದನೆ: ಮೇ ತಿಂಗಳಲ್ಲಿ ಬೆಂಗಳೂರು ಚೆನ್ನೈಗಿಂತ ತಂಪಾಗಿರುತ್ತದೆ. ಕಾರಣ: ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಎರಡೂ ನಿಜ, ಎರಡೂ ಭೂಗೋಳದ ಪಾಠದ್ದೇ. ಆದ್ರೆ ಚೆನ್ನೈ ಎಷ್ಟರಲ್ಲಿದೆ? ಅದೂ ಸುಮಾರು 13 ಡಿಗ್ರೀನೇ! ಎರಡೂ ಊರಿಗೆ ಒಂದೇ ಆಗಿರೋ ವಿಷ್ಯ ಎರಡೂ ಊರಿನ ವ್ಯತ್ಯಾಸಕ್ಕೆ ಕಾರಣ ಆಗೋದು ಹೇಗೆ? ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಅಂದ ಹಾಗೆ. ಹೋಲಿಕೆ ಇರೋ ಪ್ರತಿಪಾದನೆ ಬಂದಾಗೆಲ್ಲ, ಅಂದ್ರೆ "ಅದಕ್ಕಿಂತ ಇದು ಹೆಚ್ಚು" ಅಂತ ಇದ್ರೆ, ಕಾರಣದ ವಾಕ್ಯಾನ ಆ ಇನ್ನೊಂದು ಕಡೆಗೂ ಹಾಕಿ ನೋಡಿ. ಅಲ್ಲೂ ಹಾಗೇ ನಿಜ ಆದ್ರೆ ಅದು ವಿವರಣೆ ಅಲ್ಲ.

ಗಣಿತದಲ್ಲಿ ಅಪ್ಪ-ಮಗ ಲೆಕ್ಕ ಸ್ವಲ್ಪ ಬೇರೆ

ಗಣಿತದಲ್ಲಿ ಯಾವುದೂ ಯಾವುದನ್ನೂ "ಆಗುವಂತೆ ಮಾಡಲ್ಲ". ಅಲ್ಲಿ ಕೇಳ್ಬೇಕಾದ್ದು, ಎರಡನೇ ವಾಕ್ಯ ಒಂದನ್ನೇ ಕೈಯಲ್ಲಿ ಹಿಡಿದು ಮೊದಲನೇದನ್ನ ಸಾಧಿಸಬಹುದಾ ಅಂತ. ಎರಡು ಸಂಖ್ಯೆಗಳ ಗುಣಲಬ್ಧ 216, ಮ.ಸಾ.ಅ. 6 ಆದರೆ ಲ.ಸಾ.ಅ. 36 ಅನ್ನೋದು ಪ್ರತಿಪಾದನೆ ಅಂತಿಟ್ಕೊಳ್ಳಿ. ಕಾರಣ "ಎರಡು ಸಂಖ್ಯೆಗಳ ಮ.ಸಾ.ಅ. ಮತ್ತು ಲ.ಸಾ.ಅ.ದ ಗುಣಲಬ್ಧವು ಆ ಸಂಖ್ಯೆಗಳ ಗುಣಲಬ್ಧಕ್ಕೆ ಸಮ" ಅಂತಿದ್ರೆ, 216ನ್ನ 6ರಿಂದ ಭಾಗಿಸಿ, 36 ಬಂತು, ಉತ್ತರ ಎ. ಅದೇ ಜಾಗದಲ್ಲಿ "ಲ.ಸಾ.ಅ.ವನ್ನು ಮ.ಸಾ.ಅ. ನಿಶ್ಶೇಷವಾಗಿ ಭಾಗಿಸುತ್ತದೆ" ಅಂತಿದ್ರೆ? ಅದೂ ನಿಜವಾದ ನಿಯಮಾನೇ, 36ನ್ನ 6 ಭಾಗಿಸತ್ತೆ. ಆದ್ರೆ 6 ಭಾಗಿಸೋ ಸಂಖ್ಯೆ 12, 18, 24 ಎಷ್ಟೋ ಇವೆ, ಈ ನಿಯಮ ಒಂದರಿಂದ 36ಕ್ಕೆ ಬಂದು ನಿಲ್ಲೋಕಾಗಲ್ಲ. ಒಪ್ಪಿಗೆ ಇದೆ, ಪುರಾವೆ ಇಲ್ಲ. ಬಿ.

ಆಯ್ಕೆಗಳ ಪಟ್ಟಿ ಓದೋದು

ಈಗ ಆ ಬಿಟ್ಟುಹೋದ ಐದನೇ ಸಾಧ್ಯತೆಗೆ ಬರೋಣ. ಮೇಲೆ ಕೊಟ್ಟ ಸಿಬಿಎಸ್‌ಇ ಪಟ್ಟಿಯಲ್ಲಿ ಪ್ರತಿಪಾದನೆ ತಪ್ಪು ಅಂತಿರೋ ಆಯ್ಕೆ ಒಂದೇ, ಡಿ. ಅಂದ್ರೆ ಮೊದಲನೇ ವಾಕ್ಯ ತಪ್ಪು ಅಂತ ನಿಮಗೆ ಖಚಿತ ಆದ್ರೆ ಎರಡನೇದು ಅರ್ಥ ಆಗ್ದೇ ಇದ್ರೂ ಉತ್ತರ ಡಿ. ಹಾಗೇ ಕಾರಣ ತಪ್ಪು ಅಂತಿರೋದು ಸಿ ಒಂದೇ. ಒಂದು ವಾಕ್ಯದಲ್ಲಿ ಒಂದು ತಪ್ಪು ಹಿಡಿದ್ರೆ ಕೆಲಸ ಮುಗೀತು. ಎರಡೂ ತಪ್ಪು ಅಂತ ನಿಮಗೆ ಅನ್ನಿಸ್ತಿದ್ರೆ ಆ ಪಟ್ಟೀಲಿ ಅದಕ್ಕೆ ಜಾಗಾನೇ ಇಲ್ಲ, ಅಂದ್ರೆ ಎಲ್ಲೋ ಒಂದು ಕಡೆ ನೀವು ಎಡವಿದೀರ, ವಾಪಸ್ ಹೋಗಿ ಓದಿ.

ಆದ್ರೆ ಇದನ್ನ ಕಣ್ಣು ಮುಚ್ಚಿ ಎಲ್ಲ ಪೇಪರಿಗೂ ಹಾಕ್ಬೇಡಿ. ನೀಟ್ ಪೇಪರಲ್ಲಿ ಇದೇ ನಾಲ್ಕು ಆಯ್ಕೆ ಹಿಂದೆ ಮುಂದೆ ಆಗಿ ಬರ್ತವೆ, "ಸರಿಯಾದ ವಿವರಣೆ" ಅನ್ನೋದು ಒಂದು ಪ್ರಶ್ನೇಲಿ ಮೊದಲನೇದಾಗಿದ್ರೆ ಇನ್ನೊಂದ್ರಲ್ಲಿ ನಾಲ್ಕನೇದು. ಸಿಬಿಎಸ್‌ಇ ಕ್ರಮ ತಲೇಲಿ ಕೂರಿಸ್ಕೊಂಡು ಹೋದವ್ರು ವಿಷ್ಯ ಗೊತ್ತಿದ್ದೂ ತಪ್ಪು ಗುಂಡಿ ತುಂಬ್ತಾರೆ, ಅಲ್ಲಿ ಸರಿಗೆ ನಾಲ್ಕು ಮಾರ್ಕ್ಸ್, ತಪ್ಪಿಗೆ ಒಂದು ಕಟ್, ಹಾಗಾಗಿ ಕಳ್ಕೊಳ್ಳೋದು ನಾಲ್ಕಲ್ಲ ಐದು. ಅಷ್ಟೇ ಅಲ್ಲ, ನೀಟಲ್ಲಿ "ಹೇಳಿಕೆ 1, ಹೇಳಿಕೆ 2" ಅಂತ ಇನ್ನೊಂದು ಥರ ಇದೆ, ನೋಡೋಕೆ ಅಣ್ಣ ತಮ್ಮ ಇದ್ದ ಹಾಗೇ. ಅಲ್ಲಿ ಎರಡರ ನಂಟು ಕೇಳೋದೇ ಇಲ್ಲ, ಯಾವುದು ಸರಿ ಯಾವುದು ತಪ್ಪು ಅಷ್ಟೇ. ಅಲ್ಲಿ ಕೂತು ಅಪ್ಪ ಯಾರು ಅಂತ ಹುಡುಕೋದು ಟೈಮ್ ವೇಸ್ಟ್.

ನೆರಳಿಲ್ಲದ ದಿನದ ಪ್ರಶ್ನೆ

ಇಷ್ಟೆಲ್ಲ ಆದ್ಮೇಲೆ "ನೀನೇ ಒಂದು ಪ್ರಶ್ನೆ ಮಾಡು" ಅಂದೆ. ಅವಳು ಸ್ಕೂಲ್ ಗ್ರೌಂಡಲ್ಲಿ ಬಾಟ್ಲಿ ಇಟ್ಟು ನೆರಳು ನೋಡಿದ್ದನ್ನ ನೆನಪು ಮಾಡ್ಕೊಂಡು ಇದನ್ನ ಬರೆದ್ಲು:

ಪ್ರತಿಪಾದನೆ: ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ವಸ್ತುವಿನ ನೆರಳು ಕಾಣಿಸುವುದಿಲ್ಲ.

ಕಾರಣ: ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿದೆ.

ಮೊದಲನೇದು ನಿಜ. ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ, ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ನೆರಳು ಬಾಟ್ಲಿ ಬುಡದಲ್ಲೇ ಅಡಗತ್ತೆ. ಎರಡನೇದೂ ನಿಜ. ನಂಟು? ಅವಳು ಧೈರ್ಯವಾಗಿ ಎ ಅಂದ್ಲು. ಅಕ್ಷ ವಾಲಿರೋದ್ರಿಂದ ವರ್ಷದಲ್ಲಿ ಸೂರ್ಯ ನೆತ್ತಿ ಮೇಲೆ ಬರೋ ಜಾಗ ಉತ್ತರಕ್ಕೆ 23.5 ಡಿಗ್ರಿ ತನಕ ಹೋಗಿ ದಕ್ಷಿಣಕ್ಕೆ 23.5 ಡಿಗ್ರಿ ತನಕ ಬರತ್ತೆ, ಹೋಗ್ತಾ ಒಮ್ಮೆ ಬರ್ತಾ ಒಮ್ಮೆ ನಮ್ಮ 13 ಡಿಗ್ರಿ ದಾಟತ್ತೆ, ಅದಕ್ಕೇ ಎರಡು ದಿನ. ವಾದ ಚೆನ್ನಾಗೇ ಇದೆ, ಮೆಟ್ಟಿಲುಗಳೂ ಇವೆ.

ಆಗ ನಾನು ದೆಹಲಿ ಎತ್ಕೊಂಡೆ. ಆ ಊರು ಇರೋದೂ ಇದೇ ವಾಲಿರೋ ಭೂಮಿ ಮೇಲೇನೇ, ಆದ್ರೆ ಅಲ್ಲಿ ನೆರಳಿಲ್ಲದ ದಿನ ಒಂದೂ ಬರಲ್ಲ, ದೆಹಲಿ 28 ಡಿಗ್ರಿ ಮೇಲಿದೆ, ಸೂರ್ಯ ಅಲ್ಲಿ ತನಕ ಹೋಗೋದೇ ಇಲ್ಲ. ಅಂದ್ರೆ ವಾಲಿರೋದು ಒಂದೇ ಸಾಕಾಗಲ್ಲ, ಬೆಂಗಳೂರು ಎಲ್ಲಿದೆ ಅನ್ನೋದೂ ಬೇಕು. ಕಾರಣದಲ್ಲಿ ಅರ್ಧ ಮಾತ್ರ ಇದೆ. ಇದನ್ನ ಒಬ್ರು ಟೀಚರ್ ಎ ಅನ್ನಬಹುದು, ಇನ್ನೊಬ್ರು ಬಿ ಅನ್ನಬಹುದು, ನಾನು ಇಬ್ರನ್ನೂ ತಪ್ಪು ಅನ್ನಲ್ಲ, ಪ್ರಶ್ನೆಯೇ ಸಡಿಲ. ಪೇಪರಲ್ಲಿ ಹೀಗೆ ಬಂದ್ರೆ ಪಠ್ಯಪುಸ್ತಕದಲ್ಲಿ ಆ ವಿಷಯದ ಕೆಳಗೆ ಯಾವ ಕಾರಣ ಬರೆದಿದಾರೆ ಅಂತ ನೆನಪು ಮಾಡ್ಕೊಂಡು ಅದಕ್ಕೆ ಹತ್ರ ಇರೋದನ್ನ ಹಾಕೋದೊಂದೇ ದಾರಿ, ಯಾಕಂದ್ರೆ ಕೀ ಉತ್ತರ ತಯಾರು ಮಾಡೋರೂ ಅದನ್ನೇ ನೋಡಿ ಮಾಡಿರ್ತಾರೆ.

ಅವಳು ಪೆನ್ಸಿಲ್ ತಗೊಂಡು ಕಾರಣವನ್ನ ಅಳಿಸಿ ಹೊಸದಾಗಿ ಬರೆದ್ಲು: "ಬೆಂಗಳೂರು ಕರ್ಕಾಟಕ ಸಂಕ್ರಾಂತಿ ವೃತ್ತ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆ ಇದೆ." ಈಗ ದೆಹಲಿ ಹಾಕಿ ನೋಡಿ, ಆ ಊರು ಈ ಎರಡು ಗೆರೆ ಮಧ್ಯ ಇಲ್ಲ, ಅಲ್ಲಿ ನೆರಳಿಲ್ಲದ ದಿನಾನೂ ಇಲ್ಲ. ಚೆನ್ನೈ ಹಾಕಿದ್ರೆ ಮಧ್ಯ ಇದೆ, ಅಲ್ಲಿ ದಿನಾನೂ ಇದೆ. ಎ. ಆಮೇಲೆ ಅದೇ ಹಾಳೆ ಮಗುಚಿ ಅದೇ ಪ್ರತಿಪಾದನೆ ಕೆಳಗೆ "ಜನವರಿಯಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರದಲ್ಲಿರುತ್ತದೆ" ಅಂತ ಬರೆದು ಅವ್ರಮ್ಮನ ಕೈಗೆ ಕೊಟ್ಲು, ಅಕ್ಕ ಒಲೆ ಸಣ್ಣ ಮಾಡಿ ಎರಡನೇ ವಾಕ್ಯದ ಮೇಲೆ ಕೈ ಮುಚ್ಕೊಂಡು ಓದೋಕೆ ಶುರು ಮಾಡಿದ್ಲು.